500 ಮೆಗಾವ್ಯಾಟ್, ಸರಿ. ಎಷ್ಟು ಗಂಟೆ?

ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "500 ಮೆಗಾವ್ಯಾಟ್ ಸೋಲಾರ್ ಅಂದ್ರೆ 36 ಲಕ್ಷ ಮನೆಗೆ ಕರೆಂಟು. ಲೆಕ್ಕ ಸಿಂಪಲ್ ಗುರು." ಹೌದು ಗುರು, ತಪ್ಪು ಲೆಕ್ಕ ಯಾವಾಗಲೂ ಸಿಂಪಲ್ಲಾಗೇ ಇರುತ್ತೆ.

ಆ 36 ಲಕ್ಷ ಎಲ್ಲಿಂದ ಬಂತು ನೋಡಿ. 500 ಮೆಗಾವ್ಯಾಟ್ ಅಂದ್ರೆ 5 ಲಕ್ಷ ಕಿಲೋವ್ಯಾಟ್. ಒಂದು ಗಂಟೆ ಪೂರ್ತಿ ಓಡಿದ್ರೆ 5 ಲಕ್ಷ ಯೂನಿಟ್. ವರ್ಷಕ್ಕೆ 8,760 ಗಂಟೆ, ಗುಣಿಸಿದ್ರೆ 438 ಕೋಟಿ ಯೂನಿಟ್. ಮನೆಗೆ ತಿಂಗಳಿಗೆ 100 ಯೂನಿಟ್, ವರ್ಷಕ್ಕೆ 1,200 ಅಂತ ಹಿಡಿದು ಭಾಗಿಸಿ. 36.5 ಲಕ್ಷ ಮನೆ!

ಮಧ್ಯರಾತ್ರಿ 2 ಗಂಟೆಗೂ ಸೂರ್ಯ ಡ್ಯೂಟಿ ಮಾಡ್ತಾ ಇದ್ರೆ ಇದು ಸರಿ.

ಮೆಗಾವ್ಯಾಟ್ ಹೇಳೋದು ಒಂದು ಕ್ಷಣದಲ್ಲಿ ಗರಿಷ್ಠ ಎಷ್ಟು ಕೊಡಬಲ್ಲದು ಅಂತ. ನಿಮ್ಮ ಮೀಟರ್ ಎಣಿಸೋದು ಯೂನಿಟ್. ಎರಡರ ಮಧ್ಯೆ ಗಂಟೆ ಇದೆ. ರಾತ್ರಿ, ಮೋಡ, ಧೂಳು, ಬೆಳಗ್ಗೆ-ಸಂಜೆಯ ಓರೆ ಬಿಸಿಲು ಎಲ್ಲ ಸೇರಿ ಸೋಲಾರ್‌ಗೆ ವರ್ಷದ ಸರಾಸರಿ ಸುಮಾರು 20 ಪರ್ಸೆಂಟ್ ಅಂತ ಇಟ್ಕೊಳ್ಳಿ. 438 ಕೋಟಿ ಇಳಿದು 87.6 ಕೋಟಿ. ಮನೆ? 7.3 ಲಕ್ಷ. ಉಳಿದ 29 ಲಕ್ಷ ಮನೆ ಕಾಮೆಂಟಲ್ಲೇ ವಾಸ ಮಾಡ್ಕೋಬೇಕು.

"ಸಾರ್, ಒಳ್ಳೆ ಬಿಸಿಲಿದ್ರೆ 25 ಬರುತ್ತೆ!" ಬರಲಿ ಸ್ವಾಮಿ. 9.1 ಲಕ್ಷ ಆಯ್ತು. 36 ಆಯ್ತಾ?

ಕಲ್ಲಿದ್ದಲು ಪಾರ್ಟಿ ನಗಬೇಡಿ, ನಿಮ್ಮದೂ ಇದೆ. ಬಾಯ್ಲರ್ ಟ್ಯೂಬ್ ಸೋರಿದ್ರೆ ನಿಲ್ಲಿಸಬೇಕು, ವಾರ್ಷಿಕ ರಿಪೇರಿಗೆ ನಿಲ್ಲಿಸಬೇಕು, ಬೇಡಿಕೆ ಇಲ್ಲದಾಗ ಲೋಡ್ ಇಳಿಸಬೇಕು. 70 ಪರ್ಸೆಂಟ್ ಓಡಿತು ಅನ್ನಿ, 306.6 ಕೋಟಿ. ಅದರಲ್ಲೂ ಸ್ಥಾವರದ ಪಂಪು, ಫ್ಯಾನು, ಕಲ್ಲಿದ್ದಲು ಪುಡಿ ಮಾಡೋ ಮಿಲ್ಲು 7 ಪರ್ಸೆಂಟ್ ತಿಂದ್ರೆ ಹೊರಗೆ ಹೋಗೋದು 285 ಕೋಟಿ. ಸುಮಾರು 23.8 ಲಕ್ಷ ಮನೆ. ತಂತಿಯಲ್ಲಿ ಆಗೋ ನಷ್ಟ ಇನ್ನೂ ಕಳೆದೇ ಇಲ್ಲ. ಹೆಸರು ಅದೇ 500. ಗಂಟೆ ಬೇರೆ, ಮನೆ ಬೇರೆ! (ಲೈಕ್ ಒತ್ತೋಕೆ ಅರ್ಧ ಸೆಕೆಂಡ್ ಸಾಕು, ಅದಕ್ಕೆ ಯಾವ ಗಂಟೆಯೂ ಬೇಡ.)

ಇನ್ನು ಆ "ಮನೆ" ಅನ್ನೋದು ಯಾರ ಮನೆ? ಎಸಿ, ಗೀಸರ್ ಇಟ್ಕೊಂಡು ತಿಂಗಳಿಗೆ 300 ಯೂನಿಟ್ ಸುಡೋ ಮನೆಯಾದ್ರೆ ಸೋಲಾರ್‌ನ 7.3 ಲಕ್ಷ ನೇರ 2.4 ಲಕ್ಷಕ್ಕೆ ಬಂತು. ಅದೂ ವರ್ಷದ ಲೆಕ್ಕ ಮಾತ್ರ. ರಾತ್ರಿ 8ಕ್ಕೆ ಎಲ್ಲರೂ ಸ್ವಿಚ್ ಹಾಕಿದಾಗ ಆ ಸ್ಥಾವರ ಕೊಡೋದು ಸೊನ್ನೆ.

"ಅಷ್ಟೆಲ್ಲ ಯಾಕೆ ಸಾರ್, ಅಂದಾಜು ಸಾಕಲ್ವಾ?" ಐದು ಪಟ್ಟು ತಪ್ಪಿದ್ದು ಅಂದಾಜಾ? ಗಂಟೆ ಹಾಕ್ರೀ, ಗಂಟೆ!

ಮುಂದಿನ ಕಂತು ಬ್ಯಾಟರಿ ಬಗ್ಗೆ, ಸಬ್‌ಸ್ಕ್ರೈಬ್ ಆಗಿರಿ. ಅಲ್ಲೂ 500 ಮೆಗಾವ್ಯಾಟ್ ಅಂತ ದೊಡ್ಡಕ್ಷರದಲ್ಲಿ ಹಾಕ್ತಾರೆ. 2 ಗಂಟೆ ಕೊಟ್ರೆ 10 ಲಕ್ಷ ಯೂನಿಟ್, 4 ಗಂಟೆ ಕೊಟ್ರೆ 20 ಲಕ್ಷ. ಯಾವುದು ಅಂತ ಮಾತ್ರ ಹೇಳಲ್ಲ.