ಹಸು ಸತ್ತರೆ ಗುಂಡಿ ತೋಡುವ ಮುಂಚೆ

ನಮಸ್ಕಾರ. ಇವತ್ತಿನ ವಿಷಯ ಬೇಜಾರಿನದು, ಆದರೆ ಮನೆಯಲ್ಲಿ ಹಸು ಎಮ್ಮೆ ಕಟ್ಟಿದವರು ಕೇಳಲೇಬೇಕು. ಇನ್ಶೂರೆನ್ಸ್ ಮಾಡಿಸಿದ್ದರೂ, ಹಸು ಸತ್ತ ಮೇಲೆ ದುಡ್ಡು ಬಾರದೆ ಕೂತವರು ಇದ್ದಾರೆ. ಯಾಕೆ ಅಂತ ಕೇಳಿದರೆ ಎಷ್ಟೋ ಸಲ ಸಿಗುವ ಉತ್ತರ: ಕಿವಿಯಲ್ಲಿ ಓಲೆ ಇರಲಿಲ್ಲ.

ಕಂಪನಿಯವರಿಗೆ ನಿಮ್ಮ ಗೌರಿ, ಲಕ್ಷ್ಮಿ ಯಾರೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಓಲೆಯ ನಂಬರ್ ಮಾತ್ರ. ಈಗ ಹಾಕುವ ಹಳದಿ ಓಲೆಯಲ್ಲಿ 12 ಅಂಕಿ ಇರುತ್ತವೆ. ಪಾಲಿಸಿ ಕೈಗೆ ಬಂದ ದಿನವೇ ಹಸುವಿನ ಪಕ್ಕ ನಿಂತು ಒಂದೊಂದೇ ಅಂಕಿ ಓದಿ ತಾಳೆ ನೋಡಿ. 3 ಇರುವಲ್ಲಿ 8 ಅಂತ ಬಿದ್ದಿದ್ದರೆ ಅವತ್ತೇ ಬರೆದುಕೊಟ್ಟು ಸರಿ ಮಾಡಿಸಿ. ಹಸು ಸತ್ತ ಮೇಲೆ ಸರಿ ಮಾಡಿಸಲು ಹೋದರೆ ಯಾರೂ ಕೇಳುವುದಿಲ್ಲ.

ಓಲೆ ಬೀಳುವುದೂ ಮಾಮೂಲು. ಗೋದಲಿಗೆ ಕಿವಿ ಉಜ್ಜುತ್ತದೆ, ಬೇಲಿಗೆ ಸಿಕ್ಕಿಕೊಳ್ಳುತ್ತದೆ, ತೂತು ಕೀವು ತುಂಬಿ ಹರಿದುಹೋಗುತ್ತದೆ. ಬಿದ್ದಿದ್ದು ಕಂಡ ತಕ್ಷಣ ಡೈರಿ ಸೆಕ್ರೆಟರಿಗೂ ಕಂಪನಿಗೂ ತಿಳಿಸಿ, ಹೊಸದು ಹಾಕಿಸಿ, ಹೊಸ ನಂಬರನ್ನು ಪಾಲಿಸಿಯಲ್ಲಿ ಸೇರಿಸಿಸಿ. ಬರೀ ಓಲೆ ಹಾಕಿಸಿ ಸುಮ್ನೆ ಕೂತರೆ ಪಾಲಿಸಿಯಲ್ಲಿ ಹಳೇ ನಂಬರೇ ಇರುತ್ತದೆ, ಅಲ್ವಾ? ಇಲ್ಲಿ ನನ್ನದೊಂದು ತಕರಾರಿದೆ. ಓಲೆ ಬಿದ್ದ ಹೊರೆಯನ್ನೆಲ್ಲ ರೈತನ ತಲೆಗೇ ಕಟ್ಟುವುದು ಅನ್ಯಾಯ. ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕುವ ಮನೆ ಅದು. ವರ್ಷಕ್ಕೆ ಎರಡು ಸಲವಾದರೂ ಯಾರಾದರೂ ಬಂದು ಕಿವಿ ನೋಡಿ ಹೋಗಲಿ.

ಇನ್ನು ಬೆಲೆ. ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯಲ್ಲಿ ಕಂತಿನ ನೂರಕ್ಕೆ 15 ರೂಪಾಯಿ ಮಾತ್ರ ರೈತನದು, ಉಳಿದದ್ದು ಸರ್ಕಾರದ್ದು. ಲೆಕ್ಕಕ್ಕೆ ಕಂತಿನ ದರ ನೂರಕ್ಕೆ 4 ಅಂತ ಇಟ್ಟುಕೊಳ್ಳಿ. 60,000 ಬಾಳುವ ಹಸುವಿಗೆ ನಿಮ್ಮ ಪಾಲು 360 ರೂಪಾಯಿ. ಕಂತು ಕಡಿಮೆಯಾಗಲಿ ಅಂತ 40,000 ಬರೆಸಿದರೆ 240. ಉಳಿದಿದ್ದು 120 ರೂಪಾಯಿ, ಕಳೆದುಕೊಂಡಿದ್ದು 20,000.

ಈಗ ರಾತ್ರಿ ಮೂರು ಗಂಟೆಗೆ ಹೊಟ್ಟೆ ಉಬ್ಬರ ಬಂದು ಆ ಹಸು ಸತ್ತಿತು ಅಂತ ಇಟ್ಟುಕೊಳ್ಳಿ. ಬೆಳಗಾಗುವುದರೊಳಗೆ ನೆಂಟರು, ಅಕ್ಕಪಕ್ಕದವರು ಸೇರಿ ಗುಂಡಿ ತೋಡೋಣ ಅನ್ನುತ್ತಾರೆ. ತೋಡಲಿ, ಆದರೆ ಹೂಳಬೇಡಿ. ಓಲೆಗೆ ಕೈ ಹಚ್ಚಬೇಡಿ. ಮೊದಲು ಫೋಟೋ ತೆಗೆಯಿರಿ: ಇಡೀ ಹಸು ಒಂದು, ನಂಬರ್ ಸ್ಪಷ್ಟವಾಗಿ ಓದುವ ಹಾಗೆ ಕಿವಿ ಒಂದು, ನೀವು ಹಸುವಿನ ಪಕ್ಕ ನಿಂತಿದ್ದು ಒಂದು. ಬೆಳಗಾಗುತ್ತಲೇ ಪಶು ಆಸ್ಪತ್ರೆಗೂ ಕಂಪನಿಗೂ ತಿಳಿಸಿ. ಕಂಪನಿಗೆ ಫೋನ್ ಜೊತೆಗೆ ಮೆಸೇಜೋ ಮೇಲೋ ಹೋಗಲಿ, ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ.

ಡಾಕ್ಟರನ್ನು ಬೇಗ ಕರೆಸಿ ಅನ್ನುವುದಕ್ಕೆ ಕಾರಣ ಇದೆ. ಸತ್ತ ಮೇಲೆ ಯಾವ ಹಸುವಿನ ಹೊಟ್ಟೆಯಾದರೂ ಉಬ್ಬುತ್ತದೆ. ಬಿಸಿಲೇರುವ ತನಕ ಬಿಟ್ಟರೆ ಉಬ್ಬರದಿಂದ ಸತ್ತಿತೋ, ಸತ್ತ ಮೇಲೆ ಉಬ್ಬಿತೋ ಹೇಳುವುದು ಕಷ್ಟ. ಆಗ ವರದಿಯಲ್ಲಿ ಸಾವಿನ ಕಾರಣ ಮಸುಕಾಗುತ್ತದೆ, ಕಂಪನಿ ಪ್ರಶ್ನೆ ಎತ್ತುವುದೂ ಅಲ್ಲೇ. ಇನ್ನೊಂದು ಎಚ್ಚರ. ಮೂಗಿನಿಂದಲೋ ಗುದದಿಂದಲೋ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗ ಇರಬಹುದು. ಯಾರೂ ಮುಟ್ಟಬೇಡಿ, ಕೊಯ್ಯಲು ಬಿಡಬೇಡಿ. ಡಾಕ್ಟರೂ ಅಂಥ ಹಸುವನ್ನು ಕೊಯ್ಯುವುದಿಲ್ಲ, ರಕ್ತದ ಮಾದರಿ ತೆಗೆದು ನೋಡುತ್ತಾರೆ.

ಪೋಸ್ಟ್ ಮಾರ್ಟಂ ಆದ ಮೇಲೆ ಓಲೆಯನ್ನು ಡಾಕ್ಟರ ಎದುರಿಗೇ ತೆಗೆಸಿ ಜೋಪಾನ ಮಾಡಿ, ಕಂಪನಿಯವರು ಅದನ್ನೇ ಕೇಳುತ್ತಾರೆ. ಮಿಷನ್ನಿನ ನಿಯಮದಲ್ಲಿ ಕಾಗದ ನಾಲ್ಕೇ: ಸಾವು ತಿಳಿಸಿದ ಪತ್ರ, ಪಾಲಿಸಿ, ಕ್ಲೇಮ್ ಫಾರಂ, ಪೋಸ್ಟ್ ಮಾರ್ಟಂ ವರದಿ. ಚಿಕಿತ್ಸೆ ಕೊಡಿಸಿದ್ದರೆ ಅದರ ಚೀಟಿಯೂ ಇರಲಿ. 1962ಕ್ಕೆ ಫೋನ್ ಮಾಡಿ ಡಾಕ್ಟರನ್ನು ಕರೆಸಿದ್ದರೆ ಯಾವಾಗ ಮಾಡಿದ್ದು ಅಂತ ಬರೆದಿಡಿ. ಎಲ್ಲದರಲ್ಲೂ ಓಲೆ ನಂಬರ್ ಒಂದೇ ಇದೆಯಾ ನೋಡಿ, ಜೆರಾಕ್ಸ್ ಇಟ್ಟುಕೊಂಡು ಕೊಡಿ, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

ಪಾಲಿಸಿ ಶುರುವಾಗಿ ಮೊದಲ 15 ದಿನದೊಳಗೆ ರೋಗದಿಂದ ಸತ್ತರೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ, ಅಪಘಾತ ಆದರೆ ಬೇರೆ ಮಾತು. ಅದು ಬಿಟ್ಟು, ಎಲ್ಲಾ ಸರಿ ಇದ್ದೂ "ಆಗಲ್ಲ" ಅಂದರೆ ಬಾಯಲ್ಲಿ ಹೇಳಿದ್ದನ್ನು ಒಪ್ಪಿಕೊಂಡು ವಾಪಸ್ ಬರಬೇಡಿ. ಯಾಕೆ ಆಗಲ್ಲ ಅನ್ನುವುದನ್ನು ಕಾಗದದಲ್ಲಿ ಕೇಳಿ ತೆಗೆದುಕೊಳ್ಳಿ. ಆ ಕಾಗದ ಹಿಡಿದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು.