ಕೊಡು ಎನ್ನುವಾಗ ಒಂದು ಕ್ರಮ, ಕೊಡಬೇಡ ಎನ್ನುವಾಗ ಇನ್ನೊಂದು

ಕೇಳುಗರೇ, ನಮಸ್ಕಾರ.

ಫ್ರೆಂಚ್ ಕಲಿಯುವವರನ್ನು, ಅದರಲ್ಲೂ ಪಿಯುಸಿಯಲ್ಲಿ ಅದನ್ನು ಭಾಷಾ ವಿಷಯವಾಗಿ ತೆಗೆದುಕೊಂಡವರನ್ನು, ಮತ್ತೆ ಮತ್ತೆ ತಡೆದು ನಿಲ್ಲಿಸುವ ಎರಡು ಸಣ್ಣ ವಾಕ್ಯಗಳನ್ನು ಇವತ್ತು ಬಿಡಿಸಿ ನೋಡೋಣ. ‘ಅದನ್ನು ನನಗೆ ಕೊಡು’ ಎನ್ನಲು ಫ್ರೆಂಚರು ‘ದೊನ್-ಲ-ಮ್ವಾ’ ಎನ್ನುತ್ತಾರೆ. ‘ಅದನ್ನು ನನಗೆ ಕೊಡಬೇಡ’ ಎನ್ನಲು ‘ನ ಮ ಲ ದೊನ್ ಪಾ’ ಎನ್ನುತ್ತಾರೆ. ಕಾಗದ, ಪೆನ್ನು ಹತ್ತಿರವಿದ್ದರೆ ಎರಡನ್ನೂ ಬರೆದುಕೊಳ್ಳಿ. ಮೊದಲನೆಯದರಲ್ಲಿ ಮೂರು ಪದಗಳ ನಡುವೆ ಎರಡು ಅಡ್ಡಗೆರೆ, ಅಂದರೆ ಹೈಫನ್. ಎರಡನೆಯದರಲ್ಲಿ ಹೈಫನ್ನೇ ಇಲ್ಲ.

ಕನ್ನಡದಲ್ಲಿ ‘ಕೊಡು’ ಹೋಗಿ ‘ಕೊಡಬೇಡ’ ಬಂದರೆ ಕೆಲಸ ಮುಗಿಯಿತು. ‘ಅದನ್ನು’, ‘ನನಗೆ’ ಎರಡೂ ಇದ್ದಲ್ಲೇ ಇರುತ್ತವೆ. ಫ್ರೆಂಚಿನಲ್ಲಿ ಒಟ್ಟಿಗೆ ನಾಲ್ಕು ಸಂಗತಿಗಳು ಬದಲಾಗುತ್ತವೆ. ಕ್ರಿಯಾಪದದ ನಂತರ ಇದ್ದ ಸರ್ವನಾಮಗಳು ಅದಕ್ಕಿಂತ ಮೊದಲು ಬರುತ್ತವೆ. ‘ಅದನ್ನು’, ‘ನನಗೆ’ ಪರಸ್ಪರ ಜಾಗ ಬದಲಿಸುತ್ತವೆ. ‘ನನಗೆ’ ಎಂಬರ್ಥದ ‘ಮ್ವಾ’ ಎಂಬುದು ‘ಮ’ ಆಗುತ್ತದೆ. ಹೈಫನ್‌ಗಳು ಮಾಯವಾಗುತ್ತವೆ. ತರಗತಿಯಲ್ಲಿ ಇವನ್ನು ನಾಲ್ಕು ಬೇರೆ ಬೇರೆ ನಿಯಮಗಳೆಂದು ಬಾಯಿಪಾಠ ಮಾಡಿಸುವುದುಂಟು. ಆದರೆ ಇವುಗಳಲ್ಲಿ ಬಹುಪಾಲಿಗೆ ಬೇರು ಒಂದೇ, ಮತ್ತು ಆ ಬೇರು ತುಂಬ ಹಳೆಯದು.

ಮಧ್ಯಯುಗದ ಫ್ರೆಂಚಿನಲ್ಲಿ ‘ಮ’, ‘ಲ’ ಮೊದಲಾದ ದುರ್ಬಲ ಸರ್ವನಾಮಗಳಿಗೆ ವಾಕ್ಯವನ್ನು ಆರಂಭಿಸುವ ಹಕ್ಕಿರಲಿಲ್ಲ. ಒತ್ತಿಲ್ಲದ ಪುಟ್ಟ ಪದಗಳವು; ಬಾಯಿ ತೆರೆದೊಡನೆ ಅವುಗಳಿಂದ ಶುರುಮಾಡುವ ವಾಡಿಕೆ ಇರಲಿಲ್ಲ. ಆಜ್ಞೆ ಸಾಮಾನ್ಯವಾಗಿ ಕ್ರಿಯಾಪದದಿಂದಲೇ ಆರಂಭವಾಗುತ್ತದಲ್ಲ? ಹಾಗಾಗಿ ಸರ್ವನಾಮ ಅದರ ನಂತರ ನಿಂತಿತು. ವಾಕ್ಯದ ತಲೆಯಲ್ಲಿ ಬೇರೆ ಏನಾದರೂ ಇದ್ದರೆ ಸರ್ವನಾಮ ಧೈರ್ಯವಾಗಿ ಕ್ರಿಯಾಪದಕ್ಕಿಂತ ಮೊದಲು ಬರುತ್ತಿತ್ತು. ನಿಷೇಧದ ‘ನ’ ಅಂಥದ್ದೊಂದು ಪದ. ಅದು ಮೊದಲ ಜಾಗ ಹಿಡಿಯಿತು. ಅದರ ಮರೆಯಲ್ಲಿ ‘ಮ’, ‘ಲ’ ಮುಂದೆ ಬಂದವು. ನಿಷೇಧ ಅಲ್ಲದಿದ್ದರೂ ಹೀಗಾಗುತ್ತಿತ್ತು: ‘ಈಗ ನನಗೆ ಹೇಳಿ’ ಎನ್ನಲು ‘ಓರ್ ಮ ದಿತ್’ ಎನ್ನುತ್ತಿದ್ದರು. ‘ಈಗ’ ಮೊದಲಿಗಿದೆ, ಆದ್ದರಿಂದ ‘ಮ’ ಕ್ರಿಯಾಪದಕ್ಕಿಂತ ಮುಂಚೆ. ಈ ಕ್ರಮವನ್ನು ಗುರುತಿಸಿ ಹೇಳಿದವರು ಅಡಾಲ್ಫ್ ಟೋಬ್ಲರ್ ಮತ್ತು ಅಡಾಲ್ಫೊ ಮುಸ್ಸಾಫಿಯಾ ಎಂಬ 19ನೇ ಶತಮಾನದ ವಿದ್ವಾಂಸರು. ಅವರಿಬ್ಬರ ಹೆಸರಿನಲ್ಲೇ ಅದು ಪ್ರಸಿದ್ಧವಾಗಿದೆ.

ಈ ಹಳೆಯ ಪದ್ಧತಿಯ ನೆರಳು 1674ರಲ್ಲೂ ಕಾಣುತ್ತದೆ. ಕವಿ ಬ್ವಾಲೊ ತನ್ನ ‘ಕಾವ್ಯಕಲೆ’ಯಲ್ಲಿ ಬರಹಗಾರರಿಗೆ ಬುದ್ಧಿ ಹೇಳುತ್ತಾ ‘ಪೊಲಿಸೇ-ಲ ಸಾಂ ಸೆಸ್ ಏ ಲ ರಪೊಲಿಸೇ’ ಎಂದ. ‘ಅದನ್ನು ಎಡೆಬಿಡದೆ ಉಜ್ಜಿ ಹೊಳಪಿಸಿ, ಮತ್ತೆ ಅದನ್ನು ಉಜ್ಜಿ’ ಎಂದರ್ಥ. ಮೊದಲ ಆಜ್ಞೆಯಲ್ಲಿ ‘ಲ’ ನಂತರ ಬಂದಿದೆ, ಹೈಫನ್ ಜೊತೆಗೆ. ಎರಡನೆಯ ಆಜ್ಞೆಗೆ ಮುಂಚೆ ‘ಮತ್ತು’ ಎಂಬ ‘ಏ’ ಇದೆ, ಆದ್ದರಿಂದ ‘ಲ’ ಕ್ರಿಯಾಪದಕ್ಕಿಂತ ಮೊದಲು ಬಂದಿದೆ. ಇವತ್ತಿನ ಫ್ರೆಂಚಿನಲ್ಲಿ ಎರಡೂ ಕಡೆ ‘ಲ’ ನಂತರವೇ ಬರಬೇಕು. ಒಂದೇ ಸಾಲಿನಲ್ಲಿ ಎರಡೂ ಕ್ರಮ ಅಕ್ಕಪಕ್ಕ ಕೂತಿರುವುದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಈಗ ‘ಮ’ ಯಾಕೆ ‘ಮ್ವಾ’ ಆಗುತ್ತದೆ ಎಂಬ ಪ್ರಶ್ನೆ. ಫ್ರೆಂಚಿನಲ್ಲಿ ಒತ್ತು ಬೀಳುವುದು ಪದಗುಚ್ಛದ ಕೊನೆಯ ಮೇಲೆ. ‘ದೊನ್-ಲ-ಮ್ವಾ’ದಲ್ಲಿ ಕೊನೆ ಎಂದರೆ ಈ ಸರ್ವನಾಮವೇ. ‘ಮ’ ಆ ಭಾರ ಹೊರಲಾರದು, ಆದ್ದರಿಂದ ಗಟ್ಟಿರೂಪ ‘ಮ್ವಾ’ ಬರುತ್ತದೆ. ‘ನ ಮ ಲ ದೊನ್ ಪಾ’ದಲ್ಲಿ ಭಾರ ‘ಪಾ’ ಮೇಲೆ ಬೀಳುವುದರಿಂದ ‘ಮ’ ಸಾಕು. ಹೈಫನ್ ಇರುವುದೂ ಇದನ್ನೇ ತೋರಿಸಲು: ಈ ಪದಗಳನ್ನು ಒಂದೇ ಉಸಿರಿನಲ್ಲಿ, ಕ್ರಿಯಾಪದಕ್ಕೆ ಅಂಟಿಸಿ ಓದಿ ಎಂದು. ‘ದೊನ್-ಲ’ ಎಂದಷ್ಟೇ ಹೇಳುವಾಗ ಒತ್ತು ‘ಲ’ ಮೇಲೆ ಬೀಳುತ್ತದೆ. ಅದರ ಸ್ವರವನ್ನು ನುಂಗಬಾರದು. ಬೇರೆ ಕಡೆ ಇದೇ ‘ಲ’ ಅರ್ಧ ನುಂಗಿಹೋಗುವ ಅಕ್ಷರ.

ಇನ್ನು ಸರ್ವನಾಮಗಳ ಒಳಕ್ರಮ. ಇದನ್ನು ಒಂದು ಉದಾಹರಣೆಯಿಂದ ಹಿಡಿಯೋಣ. ಮನೆಯ ಕೀಲಿಕೈ ಇದೆ ಎನ್ನಿ. ಫ್ರೆಂಚಿನಲ್ಲಿ ಅದು ಸ್ತ್ರೀಲಿಂಗ, ಆದ್ದರಿಂದ ‘ಲ’ ಬದಲು ‘ಲಾ’. ಕೀಲಿಯನ್ನು ಮರೀ ಎಂಬ ಹುಡುಗಿಗೆ ಕೊಡು ಎನ್ನಬೇಕು. ‘ಅದನ್ನು ಅವಳಿಗೆ ಕೊಡು’: ‘ದೊನ್-ಲಾ-ಲ್ವಿ’. ಕೊಡಬೇಡ ಎಂದರೆ: ‘ನ ಲಾ ಲ್ವಿ ದೊನ್ ಪಾ’. ಇಲ್ಲಿ ವಸ್ತು ಮೊದಲು, ವ್ಯಕ್ತಿ ನಂತರ. ಎರಡು ವಾಕ್ಯಗಳಲ್ಲೂ ಅದೇ ಕ್ರಮ. ಅದೇ ಕೀಲಿಯನ್ನು ನನಗೆ ಕೊಡು ಎಂದರೆ ‘ದೊನ್-ಲಾ-ಮ್ವಾ’, ಕೊಡಬೇಡ ಎಂದರೆ ‘ನ ಮ ಲಾ ದೊನ್ ಪಾ’. ಈಗ ವ್ಯಕ್ತಿ ಮೊದಲು ಬಂತು. ಅಂದರೆ ಕೊಡು ಎನ್ನುವಾಗ ಯಾವಾಗಲೂ ವಸ್ತುವಿಗೆ ಮೊದಲ ಜಾಗ. ಕೊಡಬೇಡ ಎನ್ನುವಾಗ ‘ನನಗೆ, ನಿನಗೆ, ನಮಗೆ, ನಿಮಗೆ’ ಎಂಬ ನಾಲ್ಕು ಮಾತ್ರ ವಸ್ತುವನ್ನು ಹಿಂದಕ್ಕೆ ಹಾಕಿ ಮುಂದೆ ಬರುತ್ತವೆ. ‘ಅವನಿಗೆ, ಅವಳಿಗೆ, ಅವರಿಗೆ’ ಎಂಬವು ಬರುವುದಿಲ್ಲ. ಇದಕ್ಕೆ ಬೇರೆ ಪಟ್ಟಿ ಬೇಕಿಲ್ಲ. ‘ಅವನು ಅದನ್ನು ನನಗೆ ಕೊಡುವುದಿಲ್ಲ’ ಎಂಬ ಸಾಮಾನ್ಯ ವಾಕ್ಯದಲ್ಲಿ ಇರುವ ಕ್ರಮವೇ ಇದು. ನಿಷೇಧದ ಆಜ್ಞೆ ಸಾಮಾನ್ಯ ವಾಕ್ಯದ ಹಾಗೆ ನಡೆಯುತ್ತದೆ. ವಿಶೇಷ ನಡೆ ಕೊಡು ಎನ್ನುವ ಆಜ್ಞೆಗೆ ಮಾತ್ರ.

ಹೈಫನ್ ವಿಷಯದಲ್ಲಿ ತಪ್ಪಾಗುವ ಎರಡು ಜಾಗಗಳಿವೆ. ‘ಹೋಗಿ ಅವನನ್ನು ಕರೆದುಕೊಂಡು ಬಾ’ ಎನ್ನಲು ‘ವಾ ಲ ಶೆರ್ಶೇ’ ಎನ್ನುತ್ತಾರೆ. ಇಲ್ಲಿ ‘ವಾ’ ನಂತರ ‘ಲ’ ಬಂದಿದ್ದರೂ ಹೈಫನ್ ಹಾಕಬಾರದು. ಏಕೆಂದರೆ ‘ಅವನನ್ನು’ ಎಂಬುದು ‘ಹೋಗು’ವಿಗೆ ಸೇರಿದ್ದಲ್ಲ, ‘ಕರೆದುಕೊಂಡು ಬರು’ವುದಕ್ಕೆ ಸೇರಿದ್ದು. ‘ಅದನ್ನು ನಾನು ಮಾಡಲು ಬಿಡು’ ಎಂಬಲ್ಲಿ ಇದು ಇನ್ನೂ ಸ್ಪಷ್ಟ: ‘ಲೆಸ್-ಮ್ವಾ ಲ ಫೇರ್’. ‘ಮ್ವಾ’ ಬಿಡುವುದಕ್ಕೆ ಸೇರಿದೆ, ಹೈಫನ್ ಉಂಟು. ‘ಲ’ ಮಾಡುವುದಕ್ಕೆ ಸೇರಿದೆ, ಹೈಫನ್ ಇಲ್ಲ. ಸಂದೇಹ ಬಂದರೆ ‘ಯಾವ ಕೆಲಸಕ್ಕೆ ಸೇರಿದ ಸರ್ವನಾಮ ಇದು?’ ಎಂದು ಕೇಳಿಕೊಳ್ಳಿ.

ಎರಡನೆಯದು ‘ವಾ-ತಾಂ’, ‘ಇಲ್ಲಿಂದ ಹೊರಟು ಹೋಗು’. ಇದರಲ್ಲಿ ‘ವಾ’ ನಂತರ ಹೈಫನ್, ‘ತ್’ ನಂತರ ಅಪಾಸ್ಟ್ರಫಿ. ಎರಡು ಹೈಫನ್ ಹಾಕಿ ಬರೆಯುವವರು ಬಹಳ ಮಂದಿ. ಪ್ರಶ್ನಾವಾಕ್ಯದ ‘ವಾ-ತಿಲ್’ ಎಂಬಲ್ಲಿ ಉಚ್ಚಾರದ ಅನುಕೂಲಕ್ಕೆ ಬರುವ ‘ತ್’ ಅವರ ಕಣ್ಣಲ್ಲಿ ನಿಂತಿರುತ್ತದೆ. ‘ವಾ-ತಾಂ’ನ ‘ತ್’ ಹಾಗಲ್ಲ; ಅದು ಸ್ವರದ ಮುಂದೆ ಕುಗ್ಗಿದ ‘ತ’ ಎಂಬ ಸರ್ವನಾಮ. ಪರೀಕ್ಷಿಸಬೇಕೆಂದರೆ ಬಹುವಚನಕ್ಕೆ ತಿರುಗಿಸಿ: ‘ಆಲೇ-ವು-ಜ಼ಾಂ’. ‘ತ್’ ಇದ್ದ ಜಾಗಕ್ಕೆ ‘ವು’ ಬಂತಲ್ಲ, ಅದು ಸರ್ವನಾಮ ಎಂಬುದು ಸಿದ್ಧವಾಯಿತು. ‘ಅದರಲ್ಲಿ ಸ್ವಲ್ಪ ನನಗೆ ಕೊಡು’ ಎಂಬ ‘ದೊನ್-ಮಾಂ’ ಕೂಡ ಹೀಗೆಯೇ: ಒಂದು ಹೈಫನ್, ಒಂದು ಅಪಾಸ್ಟ್ರಫಿ. ಇಲ್ಲಿ ಕೊನೆಯ ಜಾಗ ‘ಅದರಲ್ಲಿ ಸ್ವಲ್ಪ’ ಎಂಬರ್ಥದ ‘ಆಂ’ ಪಾಲಾಯಿತು, ಒತ್ತು ಅದರ ಮೇಲೆ ಹೋಯಿತು, ‘ಮ್ವಾ’ಗೆ ಅವಕಾಶವಿಲ್ಲ.

ಪುಸ್ತಕದ ಫ್ರೆಂಚ್ ಹೀಗೆ. ಪ್ಯಾರಿಸ್ಸಿನ ಬೀದಿಯಲ್ಲಿ ನಿಂತು ಕೇಳಿದರೆ ಮಾತು ಸ್ವಲ್ಪ ಬೇರೆ. ಆಡುಮಾತಿನಲ್ಲಿ ನಿಷೇಧದ ‘ನ’ವನ್ನು ಬಿಟ್ಟುಬಿಡುತ್ತಾರೆ: ‘ಮ ಲ ದೊನ್ ಪಾ’. ವಾಕ್ಯದ ಆರಂಭದಲ್ಲಿ ನಿಲ್ಲಲು ಒಂದು ಕಾಲಕ್ಕೆ ಅವಕಾಶವೇ ಇಲ್ಲದಿದ್ದ ಆ ದುರ್ಬಲ ‘ಮ’ ಈಗ ಯಾರ ಮರೆಯೂ ಇಲ್ಲದೆ ಎಲ್ಲಕ್ಕಿಂತ ಮುಂದೆ ನಿಂತಿದೆ. ಕೆನಡಾದ ಕ್ವಿಬೆಕ್‌ನಲ್ಲಿ ಆಡುಮಾತು ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಕೊಡು ಎನ್ನಲು ಆಡುಮಾತಿನಲ್ಲಿ ಬಳಸುವ ‘ದೊನ್-ಮ್ವಾ-ಲ’ ಎಂಬ ಆಜ್ಞೆಯನ್ನು ಹಾಗೆಯೇ ಇಟ್ಟು, ಕೊನೆಗೆ ‘ಪಾ’ ಸೇರಿಸಿ ಕೊಡಬೇಡ ಎನ್ನುವುದನ್ನು ಕೇಳಬಹುದು: ‘ದೊನ್-ಮ್ವಾ-ಲ ಪಾ’. ಕೇಳಿದಾಗ ಅರ್ಥ ಮಾಡಿಕೊಳ್ಳಿ. ಪರೀಕ್ಷೆಯ ಉತ್ತರದಲ್ಲಿ ಮಾತ್ರ ‘ನ ಮ ಲ ದೊನ್ ಪಾ’ ಎಂದೇ, ಹೈಫನ್ ಇಲ್ಲದೆ ಬರೆಯಿರಿ. ನಮಸ್ಕಾರ.