ಲಾಲ್‌ಮನ್‌ಗೆ ಬಹುಮಾನ ಏಕೆ ಸಿಗಲಿಲ್ಲ

ಕೇಳುಗರಿಗೆ ನಮಸ್ಕಾರ. ಕಾನೂನು ಓದುವವರು ತೀರ್ಪೊಂದನ್ನು ಸಂಗತಿ, ವಿವಾದಾಂಶ, ತರ್ಕ, ನಿರ್ಣಯ ಎಂದು ನಾಲ್ಕು ಭಾಗ ಮಾಡಿ ಅರ್ಧ ಪುಟದಲ್ಲಿ ಬರೆದಿಟ್ಟುಕೊಳ್ಳುವುದು ವಾಡಿಕೆ. ಈ ಟಿಪ್ಪಣಿ ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಅಲಹಾಬಾದ್ ಹೈಕೋರ್ಟಿನ 1913ರ ಒಂದು ಚಿಕ್ಕ ತೀರ್ಪಿನಿಂದ ನೋಡೋಣ. ಅದು ಲಾಲ್‌ಮನ್ ಶುಕ್ಲಾ ಮತ್ತು ಗೌರಿ ದತ್ತರ ನಡುವಿನ ಮೊಕದ್ದಮೆ.

ಸಂಗತಿ ಹೀಗಿದೆ. ಕಾನ್ಪುರದ ಗೌರಿ ದತ್ತರ ಸೋದರಳಿಯ ಮನೆ ಬಿಟ್ಟು ಹೋದಾಗ, ಅವರು ತಮ್ಮ ಗುಮಾಸ್ತ ಲಾಲ್‌ಮನ್‌ನನ್ನು ರೈಲುಖರ್ಚು ಕೊಟ್ಟು ಹರಿದ್ವಾರಕ್ಕೆ ಕಳುಹಿಸಿದರು. ಅವನು ಹೊರಟ ಮೇಲೆ, ಹುಡುಗನನ್ನು ಹುಡುಕಿಕೊಟ್ಟವರಿಗೆ 501 ರೂಪಾಯಿ ಬಹುಮಾನವೆಂದು ಕರಪತ್ರ ಹೊರಡಿಸಿದರು. ಲಾಲ್‌ಮನ್ ಹುಡುಗನನ್ನು ಋಷಿಕೇಶದಲ್ಲಿ ಪತ್ತೆ ಮಾಡಿ ತಂತಿ ಕಳುಹಿಸಿದ. ಗೌರಿ ದತ್ತರಿಂದ ಎರಡು ಸವರನ್ ಚಿನ್ನದ ನಾಣ್ಯಗಳನ್ನೂ ಆಮೇಲೆ 20 ರೂಪಾಯಿಯನ್ನೂ ಪಡೆದು ಸುಮ್ಮನಿದ್ದ. ಸುಮಾರು ಆರು ತಿಂಗಳ ಬಳಿಕ ಕೆಲಸದಿಂದ ತೆಗೆದಾಗ ಬಹುಮಾನದ ಹಣದಲ್ಲಿ 499 ರೂಪಾಯಿಗೆ ದಾವೆ ಹೂಡಿದ.

ಹೆಚ್ಚಿನ ಟಿಪ್ಪಣಿಗಳಲ್ಲಿ ಮುಂದಿನ ಸಾಲು ಸಿದ್ಧವಾಗಿಯೇ ಇರುತ್ತದೆ: ಬಹುಮಾನದ ವಿಷಯ ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ ಪ್ರಸ್ತಾಪವನ್ನು ಅಂಗೀಕರಿಸಲಾಗದು, ಅಂಗೀಕಾರವಿಲ್ಲದೆ ಒಪ್ಪಂದವಿಲ್ಲ, ಆದ್ದರಿಂದ ದಾವೆ ವಜಾ. ನನ್ನ ವಿದ್ಯಾರ್ಥಿ ದಿನಗಳ ನೋಟುಪುಸ್ತಕದಲ್ಲಿಯೂ ಹೀಗೆಯೇ ಇತ್ತು. ಆದರೆ ಮೂಲ ತೀರ್ಪಿನ ಸಂಗತಿಭಾಗದಲ್ಲಿ, ಕೆಲವು ಕರಪತ್ರಗಳನ್ನು ಹರಿದ್ವಾರದಲ್ಲಿದ್ದ ಅವನಿಗೂ ಕಳುಹಿಸಲಾಗಿತ್ತು ಎಂಬ ಮಾತಿದೆ. ಈ ಒಂದು ವಾಕ್ಯವನ್ನು ಸಂಕ್ಷೇಪದ ಭರದಲ್ಲಿ ಬಿಟ್ಟರೆ, ವಿವಾದಾಂಶವೇ ಬೇರೆಯಾಗಿಬಿಡುತ್ತದೆ.

ನ್ಯಾಯಮೂರ್ತಿ ಬ್ಯಾನರ್ಜಿಯವರು ಅಂಗೀಕಾರಕ್ಕೆ ಪ್ರಸ್ತಾಪದ ಅರಿವು ಬೇಕೆಂದು ಹೇಳುತ್ತಾರೆ, ನಿಜ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಕಳೆದುಹೋದ ಹುಡುಗನನ್ನು ಹುಡುಕುವುದು ಗುಮಾಸ್ತನ ದಿನನಿತ್ಯದ ಕೆಲಸವಲ್ಲವಾದರೂ, ಹರಿದ್ವಾರಕ್ಕೆ ಹೋಗಲು ಒಪ್ಪಿದ ಗಳಿಗೆಯಲ್ಲಿಯೇ ಅವನು ಆ ಹೊಣೆಯನ್ನು ಹೊತ್ತನು. ಬಹುಮಾನ ಘೋಷಣೆಗೆ ಮೊದಲೇ ಹೊತ್ತ ಹೊಣೆಯನ್ನು ನಿಭಾಯಿಸಿದ್ದು ಆಮೇಲಿನ ವಾಗ್ದಾನಕ್ಕೆ ಬದಲಾಗಿ ಕೊಟ್ಟ ಪ್ರತಿಫಲವಾಗದು ಎಂಬುದು ಅವರು ಕೊಡುವ ಕಾರಣ. ಹಾಗಾಗಿ ವಿವಾದಾಂಶವನ್ನು, 'ಮೊದಲೇ ಆ ಕೆಲಸಕ್ಕೆ ಬದ್ಧನಾದ ನೌಕರ, ಆಮೇಲೆ ಘೋಷಿಸಿದ ಬಹುಮಾನವನ್ನು ಕೇಳಬಹುದೇ?' ಎಂದು ಬರೆಯುವುದು ತೀರ್ಪಿಗೆ ಹೆಚ್ಚು ಹತ್ತಿರ. ನಿರ್ಣಯಕ್ಕೆ ಒಂದೇ ಸಾಲು ಸಾಕು: ಲಘು ವ್ಯವಹಾರಗಳ ನ್ಯಾಯಾಲಯ ವಜಾ ಮಾಡಿದ್ದನ್ನು ಹೈಕೋರ್ಟು ಎತ್ತಿಹಿಡಿಯಿತು.

ತರ್ಕ ಸರಿಯಾಗಿ ಸಿಕ್ಕಿದೆಯೇ ಎಂದು ತಿಳಿಯಲು ಸಂಗತಿಗಳನ್ನು ಬದಲಿಸಿ ನೋಡಬೇಕು. ಲಾಲ್‌ಮನ್‌ಗೆ ಹೊರಡುವ ಮೊದಲೇ ಕರಪತ್ರ ಸಿಕ್ಕಿದ್ದು, ಅವನು ಯಾರ ನೌಕರನೂ ಆಗಿರದಿದ್ದರೆ ಹಣ ಸಿಗುತ್ತಿತ್ತು. ಹರಿದ್ವಾರದಲ್ಲಿ ಕರಪತ್ರವನ್ನು ಓದಿಯೇ ಹುಡುಗನನ್ನು ಹಿಡಿದಿದ್ದ ಎಂದಿಟ್ಟುಕೊಂಡರೂ, ನೌಕರನಾಗಿ ಒಪ್ಪಿ ಹೋದವನಾದ್ದರಿಂದ, ಈ ತೀರ್ಪಿನ ಪ್ರಕಾರ ಸಿಗುತ್ತಿರಲಿಲ್ಲ. 'ಗೊತ್ತಿರಲಿಲ್ಲ' ಎಂದಷ್ಟೇ ಬರೆದುಕೊಂಡವರು ಈ ಎರಡನೆಯ ಪ್ರಶ್ನೆಗೆ ತಪ್ಪು ಉತ್ತರ ಕೊಡುತ್ತಾರೆ.